ಲಾಯ್ಡ್ ಕನ್ನಡಿ ಮತ್ತು ಅದರ ಅಂಚಿನ ಕಪ್ಪು ಪಟ್ಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಯೋಗದಲ್ಲಿ ನಡೆಯುವುದಾದರೂ ಏನು?

ಕಿರಿದಾದ ಒಂದು ಸ್ಲಿಟ್‌ನಿಂದ ಹೊರಟ ಬೆಳಕು ಎರಡು ದಾರಿಯಲ್ಲಿ ಐಪೀಸ್ ತಲುಪುತ್ತದೆ. ಒಂದು ಭಾಗ ನೇರವಾಗಿ ಬರುತ್ತದೆ. ಇನ್ನೊಂದು ಭಾಗ ಪಕ್ಕದಲ್ಲಿರುವ ಚಪ್ಪಟೆ ಕನ್ನಡಿಯ ಮೈಯನ್ನು ಸವರಿಕೊಂಡಂತೆ ತಾಗಿ ಬರುತ್ತದೆ. ಪ್ರತಿಫಲಿಸಿದ ಬೆಳಕು ಕನ್ನಡಿಯ ಹಿಂದಿರುವ ಸ್ಲಿಟ್‌ನ ಬಿಂಬದಿಂದ ಬಂದಂತೆ ವರ್ತಿಸುತ್ತದೆ. ಸ್ಲಿಟ್ ಮತ್ತು ಅದರ ಬಿಂಬ, ಎರಡರ ಮೂಲವೂ ಒಂದೇ ಆದ್ದರಿಂದ ಬೆಳಕು ಕೂಡುವ ಜಾಗದಲ್ಲಿ ವ್ಯತಿಕರಣದ ಪಟ್ಟಿಗಳು ಮೂಡುತ್ತವೆ. ಐರ್ಲೆಂಡಿನ ಭೌತವಿಜ್ಞಾನಿ ಹಂಫ್ರಿ ಲಾಯ್ಡ್ 1834ರಲ್ಲಿ ಇದನ್ನು ವಿವರಿಸಿದರು.

ಯಂಗ್ ಅವರ ಎರಡು ಸ್ಲಿಟ್ ಪ್ರಯೋಗಕ್ಕೂ ಇದಕ್ಕೂ ಎದ್ದು ಕಾಣುವ ವ್ಯತ್ಯಾಸಗಳು ಎರಡು. ಇಲ್ಲಿ ಪಟ್ಟಿಗಳು ಒಂದೇ ಬದಿಯಲ್ಲಿ ಇರುತ್ತವೆ. ಎರಡೂ ದಾರಿಗಳ ಉದ್ದ ಸಮವಾಗಿರುವ ಕಡೆ, ಅಂದರೆ ಕನ್ನಡಿಯ ಸಮತಲದಲ್ಲಿ, ಬೆಳಕಿನ ಪಟ್ಟಿಯ ಬದಲು ಕಪ್ಪು ಪಟ್ಟಿ ಇರುತ್ತದೆ. ಈ ಕಪ್ಪು ಪಟ್ಟಿಯನ್ನು ಕಣ್ಣಾರೆ ಕಂಡು, ಅದು ಬರೀ ನೆರಳಲ್ಲ ಎಂದು ಖಚಿತಪಡಿಸಿಕೊಳ್ಳುವುದೇ ಈ ಪ್ರಯೋಗದ ನಿಜವಾದ ಕೆಲಸ. ತರಂಗದೂರ ಅಳೆಯುವುದು ಅದರ ಉಪಫಲ.

ಯಾವ ಅಳತೆಗಳಿಂದ ಶುರು ಮಾಡಿದರೆ ಒಳ್ಳೆಯದು?

ಇಲ್ಲಿನ ಎಲ್ಲ ಉತ್ತರಗಳಿಗೂ ಒಂದೇ ಜೋಡಣೆಯನ್ನು ಇಟ್ಟುಕೊಳ್ಳೋಣ. ಸೋಡಿಯಂ ದೀಪ, ಸರಾಸರಿ ತರಂಗದೂರ λ = 589.3 ನ್ಯಾನೊಮೀಟರ್. ಸ್ಲಿಟ್‌ನಿಂದ ಕನ್ನಡಿಯ ಸಮತಲಕ್ಕೆ ಇರುವ ಅಡ್ಡ ದೂರ h = 0.5 ಮಿ.ಮೀ. ಹಾಗಾಗಿ ಸ್ಲಿಟ್‌ಗೂ ಅದರ ಬಿಂಬಕ್ಕೂ ನಡುವಿನ ಅಂತರ 2h = 1 ಮಿ.ಮೀ. ಕನ್ನಡಿಯ ಉದ್ದ 30 ಸೆಂ.ಮೀ.; ಅದರ ಹತ್ತಿರದ ತುದಿ ಸ್ಲಿಟ್‌ನಿಂದ a = 10 ಸೆಂ.ಮೀ., ದೂರದ ತುದಿ b = 40 ಸೆಂ.ಮೀ. ಐಪೀಸ್ ನೋಡುತ್ತಿರುವ ಸಮತಲ ಸ್ಲಿಟ್‌ನಿಂದ D ದೂರದಲ್ಲಿದೆ.

ಪಟ್ಟಿಯ ಅಗಲ ಎಂದಿನ ಸೂತ್ರದಂತೆಯೇ:

```
β = λD / 2h
```

D = 1 ಮೀಟರ್ ಆದರೆ β = 0.589 ಮಿ.ಮೀ. ಐಪೀಸನ್ನು ಕನ್ನಡಿಯ ದೂರದ ತುದಿಗೇ ತಂದರೆ D = 40 ಸೆಂ.ಮೀ., ಆಗ β = 0.236 ಮಿ.ಮೀ. 0.01 ಮಿ.ಮೀ. ಓದುವ ಮೈಕ್ರೊಮೀಟರ್ ಐಪೀಸ್‌ಗೆ ಎರಡೂ ಸುಲಭವೇ.

ದಾರಿಗಳ ಉದ್ದ ಸಮವಾಗಿರುವ ಕಡೆ ಬೆಳಕು ಇರಬೇಕಲ್ಲವೇ? ಕಪ್ಪು ಏಕೆ?

ಪ್ರತಿಫಲನದ ಕ್ಷಣದಲ್ಲೇ ತರಂಗ ತಲೆಕೆಳಗಾಗುವುದರಿಂದ. ನೇರ ಬೆಳಕು ಉಬ್ಬಾಗಿ ಬರುವ ಹೊತ್ತಿಗೆ ಪ್ರತಿಫಲಿತ ಬೆಳಕು ತಗ್ಗಾಗಿ ಬರುತ್ತದೆ. ಒಂದು ಇನ್ನೊಂದನ್ನು ಅಳಿಸುತ್ತದೆ. ಅಂದರೆ π ಕಲಾ ಬದಲಾವಣೆ, ದಾರಿಯ ಲೆಕ್ಕದಲ್ಲಿ ಅರ್ಧ ತರಂಗದೂರ. ಹಾಗಾಗಿ ಯಂಗ್ ಪ್ರಯೋಗದಲ್ಲಿ ಬೆಳಕಿದ್ದ ಕಡೆಯೆಲ್ಲ ಇಲ್ಲಿ ಕತ್ತಲು. ಪಥ ವ್ಯತ್ಯಾಸ mλ ಆದರೆ ಕಪ್ಪು, (m + ½)λ ಆದರೆ ಬೆಳಕು.

«ಸಾಂದ್ರ ಮಾಧ್ಯಮದಿಂದ ಪ್ರತಿಫಲಿಸಿದರೆ π ಬದಲಾವಣೆ» ಎಂಬ ಪಠ್ಯಪುಸ್ತಕದ ನಿಯಮವನ್ನು ಇಲ್ಲಿ ಕಾರಣವಾಗಿ ಕೊಡುವುದು ವಾಡಿಕೆ. ಫಲಿತಾಂಶ ಸರಿ, ಆದರೆ ಕಾರಣ ಅಷ್ಟೇ ಅಲ್ಲ. ಬೆಳಕು ಮೇಲ್ಮೈಗೆ ಬಹುತೇಕ ಸಮಾಂತರವಾಗಿ ಸವರಿದಾಗ, ಫ್ರೆನೆಲ್ ಸಮೀಕರಣಗಳ ಪ್ರಕಾರ ಪ್ರತಿಫಲನದ ಗುಣಾಂಕ ಎರಡೂ ಧ್ರುವೀಕರಣಗಳಿಗೆ −1ರ ಹತ್ತಿರ ಹೋಗುತ್ತದೆ. ಗಾಜಿನ ಮೇಲೆ ಹೆಚ್ಚುಕಡಿಮೆ ನೇರವಾಗಿ ಬಿದ್ದ ಬೆಳಕಿನಲ್ಲಿ ಎರಡು ಧ್ರುವೀಕರಣಗಳ ಚಿಹ್ನೆಯ ಬಗ್ಗೆ ಗೊಂದಲವಾಗುವುದುಂಟು; ಬ್ರೂಸ್ಟರ್ ಕೋನವನ್ನು (ಗಾಜಿಗೆ ಸುಮಾರು 56°) ದಾಟಿ 90°ಯ ಹತ್ತಿರ ಬಂದಮೇಲೆ ಆ ಗೊಂದಲಕ್ಕೆ ಎಡೆಯಿಲ್ಲ. ನೇರ ಕಿರಣವೂ ಪ್ರತಿಫಲಿತ ಕಿರಣವೂ ಒಂದೇ ದಿಕ್ಕಿನಲ್ಲಿ ಸಾಗುವುದರಿಂದ ಎರಡರ ಕ್ಷೇತ್ರಗಳನ್ನು ನೇರವಾಗಿ ಹೋಲಿಸಬಹುದು, ಮತ್ತು ಅವು ಒಂದಕ್ಕೊಂದು ವಿರುದ್ಧವಾಗಿರುತ್ತವೆ. ಆದ್ದರಿಂದಲೇ ಧ್ರುವೀಕರಿಸದ ಸಾಮಾನ್ಯ ಸೋಡಿಯಂ ಬೆಳಕಿನಲ್ಲೂ ಕಪ್ಪು ಪಟ್ಟಿ ಕಪ್ಪಾಗಿಯೇ ಉಳಿಯುತ್ತದೆ.

ಬೆಳ್ಳಿ ಲೇಪನದ ಕನ್ನಡಿ ಬೇಕೇ, ಸಾದಾ ಗಾಜು ಸಾಕೇ?

ಸಾದಾ ಗಾಜು ಸಾಕು, ಒಳ್ಳೆಯದೂ ಹೌದು. ನೇರವಾಗಿ ಬಿದ್ದ ಬೆಳಕಿನಲ್ಲಿ ಗಾಜು ಶೇಕಡಾ 4ರಷ್ಟನ್ನು ಮಾತ್ರ ಪ್ರತಿಫಲಿಸುತ್ತದೆ. ಆದರೆ ನಮ್ಮ ಜೋಡಣೆಯಲ್ಲಿ ಬೆಳಕು ಗಾಜನ್ನು ತಾಗುವ ಕೋನ ಹತ್ತಿರದ ತುದಿಯಲ್ಲಿ 0.5/100, ಅಂದರೆ ಸುಮಾರು 0.3°; ದೂರದ ತುದಿಯಲ್ಲಿ ಅದರ ಕಾಲು ಭಾಗ. 1.5 ವಕ್ರೀಭವನಾಂಕದ ಗಾಜಿಗೆ ಲೆಕ್ಕ ಹಾಕಿದರೆ ಹತ್ತಿರದ ತುದಿಯಲ್ಲೇ ಶೇಕಡಾ 96ಕ್ಕೂ ಹೆಚ್ಚು ಬೆಳಕು ಪ್ರತಿಫಲಿಸುತ್ತದೆ, ದೂರದ ತುದಿಯಲ್ಲಿ ಶೇಕಡಾ 99ರಷ್ಟು. ಎರಡು ಕಿರಣಗಳ ಬಲ ಹೀಗೆ ಸಮವಾಗಿರುವುದರಿಂದಲೇ ಕಪ್ಪು ಪಟ್ಟಿ ಪೂರ್ತಿ ಕಪ್ಪಾಗುತ್ತದೆ.

ಮುಖ್ಯವಾದದ್ದು ಗಾಜು ಚಪ್ಪಟೆಯಾಗಿರುವುದು. ಹಿಂಬದಿಗೆ ಮಂಕಾದ ಕಪ್ಪು ಬಣ್ಣ ಬಳಿದರೆ ಒಳಹೊಕ್ಕ ಅಲ್ಪ ಬೆಳಕೂ ಹಿಂದಿರುಗುವುದಿಲ್ಲ. ಮನೆಗೋಡೆಯ ಕನ್ನಡಿಯಂಥ ತೆಳುಗಾಜು ಸ್ವಲ್ಪ ಬಾಗಿರುತ್ತದೆ, ಸವರುವ ಕೋನದಲ್ಲಿ ಆ ಬಾಗು ಪಟ್ಟಿಗಳನ್ನು ಸೊಟ್ಟಗೊಳಿಸುತ್ತದೆ.

ಜೋಡಿಸುವ ಕ್ರಮ ಹೇಗೆ?

ಆಪ್ಟಿಕಲ್ ಬೆಂಚಿನ ಮೇಲೆ ಸ್ಲಿಟ್, ಕನ್ನಡಿ, ಐಪೀಸ್ ಈ ಕ್ರಮದಲ್ಲಿ ಇರಲಿ. ಸ್ಲಿಟ್ ಲಂಬವಾಗಿ, ಕನ್ನಡಿಯ ಮುಖವೂ ಲಂಬವಾಗಿ, ಬೆಂಚಿನ ಉದ್ದಕ್ಕೆ ಸಮಾಂತರವಾಗಿ. ಸೋಡಿಯಂ ದೀಪ ಪೂರ್ತಿ ಹಳದಿಯಾಗಲು ಹತ್ತು ನಿಮಿಷ ಬಿಡಿ.

ಮೊದಲು ಐಪೀಸನ್ನು ಪಕ್ಕಕ್ಕಿಟ್ಟು ಬರಿಗಣ್ಣಿನಿಂದ ಕನ್ನಡಿಯ ದೂರದ ತುದಿಯ ಕಡೆಯಿಂದ ಸ್ಲಿಟ್ ನೋಡಿ. ಎರಡು ಹಳದಿ ಗೆರೆಗಳು ಕಾಣಬೇಕು: ಸ್ಲಿಟ್ ಒಂದು, ಅದರ ಬಿಂಬ ಇನ್ನೊಂದು. ಒಂದೇ ಗೆರೆ ಕಂಡರೆ ಸ್ಲಿಟ್ ಕನ್ನಡಿಯ ಸಮತಲದ ಹಿಂದೆ ಹೋಗಿದೆ, ಅಥವಾ ಕನ್ನಡಿ ತಿರುಗಿ ಬೆಳಕಿಗೆ ಬೆನ್ನು ಮಾಡಿದೆ. ಕನ್ನಡಿಯ ಅಡ್ಡ ಸ್ಕ್ರೂ ತಿರುಗಿಸಿ ಗೆರೆಗಳ ನಡುವೆ ಸುಮಾರು 1 ಮಿ.ಮೀ. ಉಳಿಸಿಕೊಳ್ಳಿ. ಎರಡು ಗೆರೆಗಳು ಒಂದಕ್ಕೊಂದು ಸಮಾಂತರವಾಗಿವೆಯೇ ಎಂಬುದನ್ನೂ ಈಗಲೇ ನೋಡಿ. ಮೇಲೆ ಹತ್ತಿರ, ಕೆಳಗೆ ದೂರ ಎಂದು ಕಂಡರೆ ಸ್ಲಿಟ್ ಓರೆಯಾಗಿದೆ.

ಆಮೇಲೆ ಐಪೀಸನ್ನು ಕನ್ನಡಿಯಿಂದ 10–20 ಸೆಂ.ಮೀ. ಆಚೆ ಇಟ್ಟು, ಸ್ಲಿಟ್ಟನ್ನು ನಿಧಾನವಾಗಿ ಕಿರಿದುಗೊಳಿಸಿ. ಪಟ್ಟಿಗಳು ಮೂಡುವ ಮುನ್ಸೂಚನೆ ಸಿಕ್ಕ ಕೂಡಲೇ ಸ್ಲಿಟ್ಟನ್ನು ಅದರ ಸಮತಲದಲ್ಲಿ ಚೂರುಚೂರೇ ತಿರುಗಿಸಿ, ಅತಿ ಹೆಚ್ಚು ಪಟ್ಟಿಗಳು ಸ್ಪಷ್ಟವಾಗುವ ಸ್ಥಾನದಲ್ಲಿ ನಿಲ್ಲಿಸಿ.

ಪಟ್ಟಿಗಳು ಚೆನ್ನಾಗಿ ಕಾಣುತ್ತಿವೆ, ಆದರೆ ಅಂಚಿನ ಕಪ್ಪು ಪಟ್ಟಿ ಮಾತ್ರ ಕಾಣುತ್ತಿಲ್ಲ. ತಪ್ಪೇನು?

ಬಹುಪಾಲು ಸಲ ತಪ್ಪೇನೂ ಇರುವುದಿಲ್ಲ, ಐಪೀಸ್ ದೂರವಿದೆ ಅಷ್ಟೆ. ಪ್ರತಿಫಲಿತ ಬೆಳಕು ಎಲ್ಲಿಂದ ಎಲ್ಲಿಯವರೆಗೆ ಬೀಳುತ್ತದೆ ಎಂದು ಲೆಕ್ಕ ಹಾಕಿ. ಕನ್ನಡಿಯ ದೂರದ ತುದಿಯಿಂದ ಪ್ರತಿಫಲಿಸಿದ ಕಿರಣ ಕನ್ನಡಿಯ ಸಮತಲದಿಂದ h(D − b)/b ದೂರದಲ್ಲಿ ಬೀಳುತ್ತದೆ, ಹತ್ತಿರದ ತುದಿಯದು h(D − a)/a ದೂರದಲ್ಲಿ. D = 1 ಮೀಟರ್‌ಗೆ ಇವು 0.75 ಮಿ.ಮೀ. ಮತ್ತು 4.5 ಮಿ.ಮೀ. ಇವೆರಡರ ನಡುವೆ ಮಾತ್ರ ಎರಡೂ ಕಿರಣಗಳು ಕೂಡುತ್ತವೆ. ಶೂನ್ಯ ಕ್ರಮದ ಕಪ್ಪು ಪಟ್ಟಿ ಇರಬೇಕಾದದ್ದು ಸೊನ್ನೆಯಲ್ಲಿ; ಅಲ್ಲಿಗೆ ಪ್ರತಿಫಲಿತ ಬೆಳಕು ತಲುಪುವುದೇ ಇಲ್ಲ. β = 0.589 ಮಿ.ಮೀ. ಆದ್ದರಿಂದ m = 1ರ ಕಪ್ಪು ಪಟ್ಟಿಯೂ ಹೊರಗೇ ಉಳಿದು, ಸಂಪೂರ್ಣವಾಗಿ ಕಾಣುವ ಮೊದಲ ಕಪ್ಪು ಪಟ್ಟಿ m = 2ರದ್ದಾಗಿರುತ್ತದೆ. ಎಣಿಸುವವರು ಅದನ್ನೇ ಮೊದಲನೆಯದೆಂದು ಹಿಡಿದರೆ ಮುಂದಿನ ಎಲ್ಲ ಕ್ರಮಸಂಖ್ಯೆಗಳೂ ತಪ್ಪುತ್ತವೆ.

ಈಗ ಐಪೀಸನ್ನು ಬೆಂಚಿನ ಮೇಲೆ ಕನ್ನಡಿಯ ಕಡೆಗೆ ಸರಿಸುತ್ತ ಬನ್ನಿ. ಪಟ್ಟಿಗಳು ಕಿರಿದಾಗುತ್ತ, ಕನ್ನಡಿಯ ಸಮತಲದ ಕಡೆಗೆ ಒತ್ತಿಕೊಳ್ಳುತ್ತ ಹೋಗುತ್ತವೆ. ಕನ್ನಡಿಯ ದೂರದ ಅಂಚು ಐಪೀಸ್‌ನಲ್ಲಿ ಚೂಪಾಗಿ ಕಂಡಾಗ ನಿಲ್ಲಿಸಿ. ಆಗ D = b; ಕೂಡುವ ಪ್ರದೇಶ ಸೊನ್ನೆಯಿಂದಲೇ ಶುರುವಾಗಿ 1.5 ಮಿ.ಮೀ.ವರೆಗೆ ಇರುತ್ತದೆ. ಅಂಚಿಗೆ ಅಂಟಿಕೊಂಡು ಕಪ್ಪು ಪಟ್ಟಿಯ ಅರ್ಧ ಭಾಗ, ಅದರ ಪಕ್ಕದಲ್ಲಿ ಮೊದಲ ಬೆಳಕಿನ ಪಟ್ಟಿ ಸಿಗುತ್ತವೆ. ಇನ್ನರ್ಧ ಕನ್ನಡಿಯ ಹಿಂದಿನ ನೆರಳಿನಲ್ಲಿ ಅಡಗಿರುವುದರಿಂದ ಯಾವತ್ತೂ ಕಾಣುವುದಿಲ್ಲ.

ಅಂಚಿನಲ್ಲಿ ಮೈಮೇಲೆ ಎದ್ದ ಕಸ, ಅಂಟು, ನೂಲೆಳೆ ಇದ್ದರೆ ಅದು ಅಡ್ಡ ಬರುತ್ತದೆ. ಇಲ್ಲಿ 0.1 ಮಿ.ಮೀ. ಎತ್ತರದ ಕಣ ಒಂದು ಪಟ್ಟಿಯ ಅಗಲದ ಹತ್ತಿರಹತ್ತಿರ ಅರ್ಧವನ್ನು ಮುಚ್ಚಿಬಿಡುತ್ತದೆ. ಅಂಚು ಒಳಮುಖವಾಗಿ ಅರ್ಧ ಮಿಲಿಮೀಟರ್ ಚಕ್ಕೆ ಎದ್ದಿದ್ದರೆ ಅಂಥ ತೊಂದರೆಯಿಲ್ಲ. ಕನ್ನಡಿ ಅಷ್ಟು ಮೊಟಕಾದಂತೆ ಆಗುತ್ತದೆ, ಅಷ್ಟೆ.

ಐಪೀಸನ್ನು ದೂರ ಸರಿಸಿದರೆ ಹೆಚ್ಚು ಪಟ್ಟಿಗಳು ಸಿಗುತ್ತವೆಯೇ?

ಇಲ್ಲ. ಪಟ್ಟಿ ಅಗಲವಾಗುತ್ತದೆ, ಕೂಡುವ ಪ್ರದೇಶವೂ ಅದೇ ಪ್ರಮಾಣದಲ್ಲಿ ಅಗಲವಾಗುತ್ತದೆ. ಒಟ್ಟು ಸಂಖ್ಯೆ

```
N = (2h²/λ)(1/a − 1/b)
```

ಇದರಲ್ಲಿ D ಇಲ್ಲವೇ ಇಲ್ಲ. ನಮ್ಮ ಅಳತೆಗಳಿಗೆ N = 0.848 × (10 − 2.5), ಅಂದರೆ 6.4 ಪಟ್ಟಿಗಳು, ಐಪೀಸ್ ಎಲ್ಲೇ ಇರಲಿ. ದೂರ ಹೋದಂತೆ ಬದಲಾಗುವುದು ಯಾವ ಆರು ಪಟ್ಟಿಗಳು ಕಾಣುತ್ತವೆ ಎಂಬುದು. ಹೆಚ್ಚು ಪಟ್ಟಿ ಬೇಕೆಂದರೆ h ಹೆಚ್ಚಿಸಬೇಕು, ಅಥವಾ ಕನ್ನಡಿಯ ಹತ್ತಿರದ ತುದಿಯನ್ನು ಸ್ಲಿಟ್‌ಗೆ ಇನ್ನೂ ಹತ್ತಿರ ತರಬೇಕು. h ಇಮ್ಮಡಿಯಾದರೆ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ, ಆದರೆ ಪಟ್ಟಿಯ ಅಗಲ ಅರ್ಧವಾಗುತ್ತದೆ.

ಅಂಚಿನಲ್ಲಿ ಕಾಣುವ ಕಪ್ಪು ಕನ್ನಡಿಯದೇ ನೆರಳಾಗಿರಬಹುದಲ್ಲ? ಅದು ವ್ಯತಿಕರಣದ್ದೆಂದು ಹೇಗೆ ಹೇಳುವುದು?

ಇದು ಕೇಳಲೇಬೇಕಾದ ಪ್ರಶ್ನೆ. ಕಪ್ಪನ್ನು ನೋಡಿ ತೀರ್ಮಾನಿಸುವ ಬದಲು ಉಳಿದ ಪಟ್ಟಿಗಳ ಸ್ಥಾನ ಅಳೆದು ತೀರ್ಮಾನಿಸಬೇಕು.

ಐಪೀಸ್ ಅಂಚಿನ ಮೇಲೇ ಫೋಕಸ್ ಆಗಿರಲಿ. ಅಡ್ಡಗೆರೆಯನ್ನು ಕನ್ನಡಿಯ ಅಂಚಿಗೆ ಹೊಂದಿಸಿ ಓದಿ, ಉದಾಹರಣೆಗೆ 4.12 ಮಿ.ಮೀ. ಎಂದುಕೊಳ್ಳಿ. ನಂತರ ಸ್ಪಷ್ಟವಾಗಿ ಕಾಣುವ ಕಪ್ಪು ಪಟ್ಟಿಗಳ ನಡುಭಾಗವನ್ನು ಒಂದೊಂದಾಗಿ, ಒಂದೇ ದಿಕ್ಕಿನಲ್ಲಿ ಸ್ಕ್ರೂ ತಿರುಗಿಸುತ್ತ ಓದಿ. ಸಿದ್ಧಾಂತ ಸರಿಯಿದ್ದರೆ ಅವು ಸುಮಾರು 4.36, 4.59, 4.83, 5.06, 5.30 ಮಿ.ಮೀ.ಗಳಲ್ಲಿ ಸಿಗಬೇಕು. ಓದಿಕೆಯನ್ನು ಕ್ರಮಸಂಖ್ಯೆಯ ಎದುರು ಗ್ರಾಫ್ ಹಾಕಿ, ಗೆರೆಯನ್ನು ಹಿಂದಕ್ಕೆ ಎಳೆಯಿರಿ. m = 0ಯಲ್ಲಿ ಅದು 4.12ರ ಸಮೀಪ ಬಿದ್ದರೆ ಅಂಚಿನಲ್ಲಿ ನಿಜವಾಗಿಯೂ ಕಪ್ಪು ಪಟ್ಟಿಯ ನಡುಭಾಗವಿದೆ ಎಂದರ್ಥ. ಕಲಾ ಬದಲಾವಣೆ ಆಗದಿದ್ದರೆ ಮೊದಲ ಕಪ್ಪು ಪಟ್ಟಿ ಅಂಚಿನಿಂದ ಅರ್ಧ β ದೂರದಲ್ಲಿ, ಅಂದರೆ 4.24ರಲ್ಲಿ ಇರಬೇಕಿತ್ತು. ಎರಡರ ನಡುವಿನ ವ್ಯತ್ಯಾಸ 0.12 ಮಿ.ಮೀ.; ಐಪೀಸ್‌ನ ಅತಿ ಚಿಕ್ಕ ಓದಿಕೆಯ ಹನ್ನೆರಡು ಪಟ್ಟು. ಅನುಮಾನಕ್ಕೆ ಜಾಗವಿಲ್ಲ.

ನೆರಳಿಗೆ ಕ್ರಮಸಂಖ್ಯೆ ಇರುವುದಿಲ್ಲ, h ಬದಲಿಸಿದರೂ ಅದು ಹಾಗೇ ಇರುತ್ತದೆ. ಪಟ್ಟಿಯಾದರೆ h ಕಡಿಮೆಯಾದಷ್ಟೂ ಅಂಚಿನ ಕಪ್ಪು ಅಗಲವಾಗುತ್ತದೆ. ಸ್ಕ್ರೂ ತಿರುಗಿಸುತ್ತ ಇದನ್ನು ಕಣ್ಣೆದುರೇ ನೋಡಬಹುದು.

ಅಂಚಿನ ಬಳಿ ಪಟ್ಟಿಗಳು ಚೂಪಾಗಿವೆ, ದೂರ ಹೋದಂತೆ ಮಸುಕಾಗುತ್ತವೆ. ಏಕೆ?

ಸ್ಲಿಟ್ ಅಗಲವಾಗಿದೆ, ಇಲ್ಲವೇ ಕನ್ನಡಿಗೆ ಸಮಾಂತರವಾಗಿಲ್ಲ. ಎರಡಕ್ಕೂ ಮೂಲ ಒಂದೇ.

ಸ್ಲಿಟ್‌ನ ಬಿಂಬ ಬಲ–ಎಡ ಅದಲುಬದಲಾದ ಬಿಂಬ. ಸ್ಲಿಟ್‌ನ ಕನ್ನಡಿ ಕಡೆಯ ಅಂಚಿಗೆ ಬಿಂಬದ ಕನ್ನಡಿ ಕಡೆಯ ಅಂಚು ಜೋಡಿ, ಆಚೆಯ ಅಂಚಿಗೆ ಆಚೆಯದು ಜೋಡಿ. ಹಾಗಾಗಿ ಸ್ಲಿಟ್‌ನ ಪ್ರತಿಯೊಂದು ಗೆರೆಗೂ h ಬೇರೆ, β ಬೇರೆ. ಆದರೆ ಎಲ್ಲ ಜೋಡಿಗಳ ಶೂನ್ಯ ಪಟ್ಟಿಯೂ ಕನ್ನಡಿಯ ಸಮತಲದಲ್ಲೇ ಇರುತ್ತದೆ. ಸೊನ್ನೆಯಲ್ಲಿ ಎಲ್ಲವೂ ಹೊಂದಿಕೊಂಡಿದ್ದು, ಕ್ರಮಸಂಖ್ಯೆ ಹೆಚ್ಚಿದಂತೆ ಒಂದರಿಂದೊಂದು ಜಾರುತ್ತವೆ. ಸ್ಲಿಟ್‌ನ ಅಗಲ w ಆದರೆ m ಕ್ರಮದಲ್ಲಿ ಆಗುವ ಜಾರುವಿಕೆ m·w/h ಪಟ್ಟಿಯಷ್ಟು. ಇದು ಕಾಲು ಪಟ್ಟಿಯನ್ನು ಮೀರದಿದ್ದರೆ ಚಿತ್ರ ಚೆನ್ನಾಗಿರುತ್ತದೆ. ಒಂದು ಪೂರ್ತಿ ಪಟ್ಟಿಯಾದರೆ ಅಲ್ಲಿ ಏನೂ ಕಾಣುವುದಿಲ್ಲ. ನಮ್ಮ ಜೋಡಣೆಯಲ್ಲಿ ಆರನೆಯ ಪಟ್ಟಿ ಸ್ಪಷ್ಟವಾಗಲು ಸ್ಲಿಟ್ 0.02 ಮಿ.ಮೀ. ಇರಬೇಕು, 0.08 ಮಿ.ಮೀ. ಆದರೆ ಆರನೆಯದು ಅಳಿಸಿಹೋಗುತ್ತದೆ. ಮೊದಲನೆಯದಕ್ಕೆ 0.12 ಮಿ.ಮೀ. ಆದರೂ ನಡೆಯುತ್ತದೆ.

ಓರೆಯಾದ ಸ್ಲಿಟ್ ಕೂಡ ಅಗಲವಾದ ಸ್ಲಿಟ್‌ನಂತೆಯೇ ಕೆಡಿಸುತ್ತದೆ, ಅದರ ಉದ್ದಕ್ಕೂ h ಬದಲಾಗುವುದರಿಂದ. 5 ಮಿ.ಮೀ. ಉದ್ದದ ಸ್ಲಿಟ್‌ಗೆ 0.02 ಮಿ.ಮೀ. ಮಿತಿ ಎಂದರೆ ಓರೆ ಕಾಲು ಡಿಗ್ರಿಯನ್ನೂ ಮೀರಬಾರದು. ಆದ್ದರಿಂದ ಸ್ಲಿಟ್ಟನ್ನು ಹೊಂದಿಸುವಾಗ ಅಂಚಿನ ಪಟ್ಟಿಯನ್ನು ನೋಡಬೇಡಿ, ಅದು ಹೇಗಿದ್ದರೂ ಚೆನ್ನಾಗಿಯೇ ಕಾಣುತ್ತದೆ. ಕಣ್ಣು ಅತಿ ದೂರದ ಪಟ್ಟಿಯ ಮೇಲಿರಲಿ.

ಪಟ್ಟಿಗಳ ಅಗಲ ಒಂದೇ ಸಮನಾಗಿಲ್ಲವಲ್ಲ?

ಐಪೀಸ್ ಕನ್ನಡಿಯಿಂದ ದೂರವಿದ್ದರೆ ಕನ್ನಡಿಯ ತುದಿಗಳಿಂದಾದ ವಿವರ್ತನೆಯ ಪಟ್ಟಿಗಳೂ ಮೇಲೆ ಕೂರುತ್ತವೆ. D = 1 ಮೀಟರ್‌ನಲ್ಲಿ ದೂರದ ತುದಿಯ ಮೊದಲ ವಿವರ್ತನೆಯ ಉಬ್ಬು, ಪ್ರತಿಫಲಿತ ಬೆಳಕಿನ ಗಡಿಯಿಂದ ಸುಮಾರು 0.8 ಮಿ.ಮೀ. ಒಳಗಿರುತ್ತದೆ, ನಮ್ಮ ಪಟ್ಟಿಯ ಅಗಲಕ್ಕೆ ಹತ್ತಿರದ ಅಳತೆಯಾದ್ದರಿಂದ ಸುಲಭವಾಗಿ ಮೋಸ ಹೋಗಬಹುದು. ವಿವರ್ತನೆಯ ಪಟ್ಟಿಗಳು ಗಡಿಯಿಂದ ದೂರವಾದಂತೆ ಕಿರಿದಾಗುತ್ತ ಹೋಗುತ್ತವೆ, ವ್ಯತಿಕರಣದವು ಸಮ ಅಗಲದಲ್ಲಿರುತ್ತವೆ. ಅಳತೆಗೆ ಗಡಿಯ ಪಕ್ಕದ ಒಂದೆರಡು ಪಟ್ಟಿಗಳನ್ನು ಬಿಟ್ಟುಬಿಡಿ. ಐಪೀಸನ್ನು ಅಂಚಿಗೇ ತಂದರೆ ಆ ಅಂಚಿನ ವಿವರ್ತನೆ ಹರಡಲು ದೂರವೇ ಇಲ್ಲದ್ದರಿಂದ ಈ ತೊಡಕು ಬಹುಮಟ್ಟಿಗೆ ಹೋಗುತ್ತದೆ.

2h ಅನ್ನು ಅಳೆಯುವುದು ಹೇಗೆ?

ಪೀನ ಮಸೂರವನ್ನು ಎರಡು ಸ್ಥಾನಗಳಲ್ಲಿಟ್ಟು ಸ್ಲಿಟ್ ಮತ್ತು ಬಿಂಬದ ಚಿತ್ರಗಳ ಅಂತರ d₁, d₂ ಓದಿ; 2h = √(d₁d₂). ಬೈಪ್ರಿಸಂ ಪ್ರಯೋಗದ ಮಸೂರವನ್ನೇ ಇಲ್ಲಿ ತಂದರೆ ಒಂದು ತೊಡಕು: ಮೊದಲ ಸ್ಥಾನ ಕನ್ನಡಿ ಇರುವ ಜಾಗದಲ್ಲೇ ಬರುತ್ತದೆ. D = 1 ಮೀಟರ್ ಆದಾಗ ಎರಡೂ ಸ್ಥಾನಗಳು 40 ಸೆಂ.ಮೀ. ಆಚೆ ಬರಬೇಕಾದರೆ ಮಸೂರದ ಸಂಗಮದೂರ 24ರಿಂದ 25 ಸೆಂ.ಮೀ. ನಡುವೆ ಇರಬೇಕು. 24.5 ಸೆಂ.ಮೀ. ಇದ್ದರೆ ಸ್ಥಾನಗಳು ಸ್ಲಿಟ್‌ನಿಂದ 43 ಮತ್ತು 57 ಸೆಂ.ಮೀ.; ಅಂತರಗಳು 1.33 ಮತ್ತು 0.75 ಮಿ.ಮೀ., ಗುಣಲಬ್ಧ 1. ಅಂಥ ಮಸೂರ ಇಲ್ಲದಿದ್ದರೆ ಕನ್ನಡಿಯ ಆಚೆ ಬರುವ ಒಂದೇ ಸ್ಥಾನದಲ್ಲಿ d₂ ಓದಿ, ಸ್ಲಿಟ್‌ನಿಂದ ಮಸೂರಕ್ಕಿರುವ ದೂರದಿಂದ ಗುಣಿಸಿ, ಮಸೂರದಿಂದ ಐಪೀಸ್‌ಗಿರುವ ದೂರದಿಂದ ಭಾಗಿಸಿದರೆ ಸಾಕು. ಅಳತೆ ಮುಗಿಯುವವರೆಗೆ ಕನ್ನಡಿಯ ಸ್ಕ್ರೂ ಮುಟ್ಟಬಾರದು.

ಬಿಳಿ ಬೆಳಕಿನಲ್ಲಿ ಏನು ಕಾಣುತ್ತದೆ?

ಅಂಚಿನ ಕಪ್ಪು ಪಟ್ಟಿ ಎಲ್ಲ ಬಣ್ಣಗಳಿಗೂ ಒಂದೇ ಜಾಗದಲ್ಲಿರುವುದರಿಂದ ಬಣ್ಣವಿಲ್ಲದ ಅಚ್ಚ ಕಪ್ಪಾಗಿ ಉಳಿಯುತ್ತದೆ. ಮುಂದಿನ ಬೆಳಕಿನ ಪಟ್ಟಿಯ ಒಳಬದಿ ನೀಲಿ, ಹೊರಬದಿ ಕೆಂಪು. ಮೂರ್ನಾಲ್ಕು ಪಟ್ಟಿಗಳಾಚೆ ಬಣ್ಣಗಳು ಬೆರೆತು ಎಲ್ಲವೂ ಬಿಳಿಚಿಕೊಳ್ಳುತ್ತದೆ. ಶೂನ್ಯ ಕ್ರಮ ಯಾವುದು ಎಂದು ಗುರುತಿಸಲು ಇದಕ್ಕಿಂತ ನೇರವಾದ ದಾರಿ ಇಲ್ಲ.

ಐಪೀಸ್ ದೂರವಿದ್ದಾಗಲೇ ಶೂನ್ಯ ಪಟ್ಟಿಯನ್ನು ಪೂರ್ತಿಯಾಗಿ ನೋಡುವ ಉಪಾಯವಿದೆಯೇ?

ಇದೆ, ಆದರೆ ಕೈಚಳಕ ಬೇಕು. ನೇರ ಕಿರಣದ ದಾರಿಯಲ್ಲಿ ತೆಳುವಾದ ಪಾರದರ್ಶಕ ಹಾಳೆ ಇಟ್ಟರೆ ಆ ದಾರಿ (n − 1)t ಅಷ್ಟು ಉದ್ದವಾದಂತೆ ಆಗುತ್ತದೆ. ಸರಿದೂಗಿಸಲು ಇಡೀ ಪಟ್ಟಿಗಳ ಸಾಲು ಕನ್ನಡಿಯಿಂದ ಆಚೆಗೆ ಸರಿಯುತ್ತದೆ. ಮೂರು ಪಟ್ಟಿಗಳಷ್ಟು ಸರಿಸಿದರೆ ಶೂನ್ಯ ಪಟ್ಟಿ 1.77 ಮಿ.ಮೀ.ನಲ್ಲಿ, ಕೂಡುವ ಪ್ರದೇಶದ ಒಳಗೇ ಬರುತ್ತದೆ. 1.58 ವಕ್ರೀಭವನಾಂಕದ ಮೈಕಾ ಆದರೆ ದಪ್ಪ ಕೇವಲ 3 ಮೈಕ್ರೊಮೀಟರ್ ಇರಬೇಕು.

ಹಾಳೆ ಪ್ರತಿಫಲಿತ ಕಿರಣಕ್ಕೆ ತಾಗಬಾರದು ಎಂಬುದೇ ಕಷ್ಟ. ಸ್ಲಿಟ್‌ನಿಂದ ಸುಮಾರು 14 ಸೆಂ.ಮೀ. ದೂರದಲ್ಲಿ, ಕನ್ನಡಿಗೆ ಬೀಳುವ ಮತ್ತು ಅದರಿಂದ ಏಳುವ ಕಿರಣಗಳು ಕನ್ನಡಿಯಿಂದ 0.32 ಮಿ.ಮೀ. ಒಳಗಿರುತ್ತವೆ, ನೇರ ಕಿರಣಗಳು 0.54 ಮಿ.ಮೀ. ಆಚೆ. ಹಾಳೆಯ ಅಂಚನ್ನು ಈ ಸಂದಿಯಲ್ಲಿ, ಸುಮಾರು 0.4 ಮಿ.ಮೀ.ನಲ್ಲಿ ನಿಲ್ಲಿಸಬೇಕು. ಹಾಳೆಯ ಅಂಚಿನ ವಿವರ್ತನೆ ಚಿತ್ರವನ್ನು ಸ್ವಲ್ಪ ಕದಡುತ್ತದೆ. ನೋಡುವಾಗ ಬಿಳಿ ಬೆಳಕು ಇರಲಿ, ಇಲ್ಲದಿದ್ದರೆ ಯಾವುದು ಶೂನ್ಯ ಎಂದು ತಿಳಿಯುವುದಿಲ್ಲ.

ಲೇಸರ್ ಬಳಸಬಹುದೇ?

ಬಳಸಬಹುದು, ಸೂಕ್ಷ್ಮದರ್ಶಕದ ಆಬ್ಜೆಕ್ಟಿವ್‌ನಿಂದ ಹರಡಿಸಿದರೆ ಅದರ ಸಂಗಮಬಿಂದುವೇ ಸ್ಲಿಟ್‌ನ ಕೆಲಸ ಮಾಡುತ್ತದೆ, ಪಟ್ಟಿಗಳನ್ನು ಪರದೆಯ ಮೇಲೇ ತೋರಿಸಬಹುದು. ಐಪೀಸ್ ಮೂಲಕ ಕಣ್ಣಿಟ್ಟು ನೋಡಲೇಬಾರದು. ಧೂಳಿನ ಕಣಗಳೂ ಉಂಗುರದಂಥ ಪಟ್ಟಿಗಳನ್ನು ಮೂಡಿಸುವುದರಿಂದ ಅಂಚಿನ ಸೂಕ್ಷ್ಮ ಅಳತೆಗೆ ಸೋಡಿಯಂ ದೀಪವೇ ಮೇಲು.

ಬೆಳಕಿಗೆ ಮಾತ್ರವೇ ಇದು?

ಯಾವುದೇ ತರಂಗಕ್ಕೂ ಸಲ್ಲುತ್ತದೆ. 1946ರಲ್ಲಿ ಸಿಡ್ನಿಯ ಡೋವರ್ ಹೈಟ್ಸ್‌ನಲ್ಲಿ ಮೆಕ್‌ಕ್ರೆಡಿ, ಪಾಸಿ ಮತ್ತು ರೂಬಿ ಪೇಯ್ನ್-ಸ್ಕಾಟ್ ಸಮುದ್ರವನ್ನೇ ಕನ್ನಡಿಯಾಗಿಸಿಕೊಂಡು ಸೂರ್ಯನ ರೇಡಿಯೊ ಅಲೆಗಳನ್ನು ಅಳೆದರು. ಅಲ್ಲಿನ ಬಂಡೆಯ ಎತ್ತರ ಸುಮಾರು 85 ಮೀಟರ್, ಆವರ್ತನ 200 ಮೆಗಾಹರ್ಟ್ಸ್, ತರಂಗದೂರ 1.5 ಮೀಟರ್. λ/2h ಲೆಕ್ಕ ಹಾಕಿದರೆ ಪಟ್ಟಿಗಳ ನಡುವಿನ ಕೋನ ಸುಮಾರು ಅರ್ಧ ಡಿಗ್ರಿ. ದಿಗಂತದಿಂದ ಮೇಲೇರುವ ಸೂರ್ಯ ಈ ಪಟ್ಟಿಗಳನ್ನು ಒಂದೊಂದಾಗಿ ದಾಟುತ್ತಿದ್ದಂತೆ ಆಂಟೆನಾ ಹಿಡಿದ ಸಂಕೇತ ಏರಿಳಿಯುತ್ತಿತ್ತು. ಪ್ರಯೋಗಶಾಲೆಯಲ್ಲಿ ಕನ್ನಡಿಯ ಅಂಚು ಕಪ್ಪಾಗಿರುವ ಕಾರಣಕ್ಕೇ ಅಲ್ಲಿಯೂ ದಿಗಂತದ ಗೆರೆಯಲ್ಲಿ ಸಂಕೇತ ಕನಿಷ್ಠವಾಗುತ್ತದೆ.